‘ಅಕ್ಕ’ ಎಂದರೆ ಮೂರು ಮಾತ್ರೆ

ಪ್ರಶ್ನೆ: ಮುಂದಿನ ತಿಂಗಳು ಅಕ್ಕನ ಮದುವೆ. ದಿಬ್ಬಣ ಹೊರಡುವ ಮೊದಲು ಅವಳಿಗಾಗಿ ಒಂದು ಸಣ್ಣ ಪದ್ಯ ಓದಬೇಕೆಂದು ನನಗೆ ಆಸೆ. ಸ್ವಲ್ಪ ನಗು ಬರಬೇಕು, ಪ್ರೀತಿಯೂ ಕಾಣಬೇಕು. ನಾಲ್ಕು ಸಾಲು ಬರೆದಿದ್ದೇನೆ. ಗಟ್ಟಿಯಾಗಿ ಓದಿದರೆ ನಾಲಗೆ ಎಡವುತ್ತದೆ. ಎಲ್ಲಿ ತಪ್ಪಿದೆ, ಹೇಗೆ ಸರಿಮಾಡಲಿ?

ಅಕ್ಕ ನೀನು ನಮ್ಮ ಮನೆಯ ನಂದಾದೀಪ
ನೀನು ಹೋದರೆ ಮನೆಯೆಲ್ಲ ಕತ್ತಲು
ಭಾವನಿಗೆ ಇನ್ನು ದಿನವೂ ಬೈಗಳ ಊಟ
ನಮ್ಮ ಕಣ್ಣಲ್ಲಿ ನೀರು ಸುತ್ತಲು

— ಒಬ್ಬ ತಮ್ಮ, ಬದಿಯಡ್ಕ ಸಮೀಪ

ಉತ್ತರ: ನಿಮ್ಮ ಎರಡನೇ ಸಾಲಿನಿಂದ ‘ಎಲ್ಲ’ ಎಂಬುದನ್ನು ತೆಗೆದು, ಹೀಗೆ ಗಟ್ಟಿಯಾಗಿ ಹೇಳಿ ನೋಡಿ: ‘ನೀನು ಹೋದರೆ ಮನೆಯು ಕತ್ತಲು’. ಈಗ ಎಡವಲಿಲ್ಲ ಅಲ್ವಾ? ನಿಮ್ಮ ಕಿವಿಯಲ್ಲಿ ಲಯ ಆಗಲೇ ಇದೆ. ಅದು ಒಂದೇ ಸಾಲಿನಲ್ಲಿ ತಲೆ ಹಾಕಿ, ಉಳಿದ ಸಾಲುಗಳಲ್ಲಿ ಕಳೆದುಹೋಗಿದೆ.

ಮಾತ್ರೆ ಎಣಿಸುವ ಕ್ರಮವನ್ನು ಶಾಲೆಯಲ್ಲಿ ಕಲಿತಿರುತ್ತೀರಿ, ಒಮ್ಮೆ ನೆನಪು ಮಾಡಿಕೊಳ್ಳೋಣ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾದರೂ ಎರಡು. ಸೊನ್ನೆ ಇರುವ ಅಕ್ಷರಕ್ಕೂ ಎರಡು. ಹಾಗೆ ಎಣಿಸಿದರೆ ನಿಮ್ಮ ನಾಲ್ಕು ಸಾಲಿಗೆ 19, 16, 19, 15 ಬರುತ್ತದೆ. ಒಂದೊಂದು ಬಿಟ್ಟು ನೋಡಿದರೆ ಸಾಲುಗಳ ಉದ್ದ ಹೆಚ್ಚು ಕಡಿಮೆ ಹೊಂದುತ್ತದೆ. ಆದರೂ ಯಾಕೆ ಎಡವುತ್ತದೆ? ಮೊತ್ತ ಹೊಂದಿದೆ, ಹೆಜ್ಜೆ ಹೊಂದಿಲ್ಲ. ಮೊದಲ ಸಾಲು ‘ಅಕ್ಕ, ನೀನು, ನಮ್ಮ, ಮನೆಯ’ ಎಂದು ಮೂರು ಮೂರರ ಹೆಜ್ಜೆಯಲ್ಲಿ ಚೆನ್ನಾಗಿ ನಡೆಯುತ್ತದೆ. ‘ನಂದಾದೀಪ’ ಬಂದೊಡನೆ ನಾಲ್ಕಕ್ಕೆ ಜಿಗಿಯುತ್ತದೆ. ಮೂರನೇ ಸಾಲು ‘ಭಾವನಿಗೆ’ ಎಂದು ಐದರಲ್ಲಿ ಶುರುವಾಗುತ್ತದೆ. ಒಂದು ಸಾಲಿಗೆ ಹೊಂದಿಕೊಂಡ ನಾಲಗೆ ಮುಂದಿನ ಸಾಲಿನಲ್ಲಿ ಹೊಸ ನಡಿಗೆ ಹುಡುಕಬೇಕಾಗುತ್ತದೆ. ನೀವು ಎಡವುವುದು ಅಲ್ಲೇ.

ಹಾಗಾದರೆ ಯಾವ ನಡಿಗೆ ಹಿಡಿಯಬೇಕು? ಅದನ್ನು ‘ಅಕ್ಕ’ ಎಂಬ ಪದವೇ ಹೇಳುತ್ತದೆ. ಅದಕ್ಕೆ ಮೂರು ಮಾತ್ರೆ. ಅಮ್ಮ, ಅಪ್ಪ, ಅಣ್ಣ, ತಮ್ಮ, ತಂಗಿ, ಅಜ್ಜಿ, ಭಾವ, ಅತ್ತೆ, ಮಾವ ಎಂದು ಒಂದೊಂದಾಗಿ ಎಣಿಸಿ. ಎಲ್ಲಕ್ಕೂ ಮೂರೇ. ಮದುವೆ ಪದ್ಯದಲ್ಲಿ ಮತ್ತೆ ಮತ್ತೆ ಬರುವ ಪದಗಳು ಇವೇ ತಾನೇ? ನಾಲ್ಕರ ನಡಿಗೆ ಹಿಡಿದರೆ ‘ಅಕ್ಕಾ’ ಎಂದು ಪ್ರತಿ ಸಲ ಎಳೆಯಬೇಕು. ಒಮ್ಮೆ ಎಳೆದರೆ ಚೆಂದ, ನಾಲ್ಕು ಸಲ ಎಳೆದರೆ ನಾಟಕ. ಬರೀ ಮೂರು ಮೂರು ಎಂದು ಹೋದರೆ ಕುದುರೆ ಓಡಿದ ಹಾಗೆ ಆಗುತ್ತದೆ, ಮಾತಿಗೆ ಬಿಡುವು ಸಿಗುವುದಿಲ್ಲ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಹೋದರೆ ಮನೆಯವರ ಹೆಸರು ಮೂರರಲ್ಲಿ ಕೂರುತ್ತದೆ, ಅವರ ಬಗ್ಗೆ ಹೇಳಬೇಕಾದ ಮಾತು ನಾಲ್ಕರಲ್ಲಿ ಬರುತ್ತದೆ.

ಇದು ಭಾಮಿನಿ ಷಟ್ಪದಿಯ ನಡಿಗೆ. ಹೆಸರು ಕೇಳಿ ಹೆದರಬೇಡಿ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹೇಳಿದ್ದು ಇದರಲ್ಲಿ. ನಮ್ಮ ಕುಂಬಳೆ ಸೀಮೆಯಲ್ಲಿ ಒಂದು ರಾತ್ರಿಯಾದರೂ ಯಕ್ಷಗಾನ ನೋಡಿದವರ ಕಿವಿಗೆ ಇದು ಹೊಸದಲ್ಲ. ಪ್ರಸಂಗದ ನಡುವೆ ಭಾಗವತರು ಭಾಮಿನಿ ಎತ್ತಿದರೆ ಅಜ್ಜಂದಿರು ತಲೆಯಾಡಿಸುವುದನ್ನು ನೀವೂ ಕಂಡಿರುತ್ತೀರಿ. ನಿಮ್ಮ ಚಪ್ಪರದಲ್ಲಿ ಕೂತವರಲ್ಲಿ ತುಂಬಾ ಜನರಿಗೆ ಆ ಲಯ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲದಿದ್ದರೂ.

ಭಾಮಿನಿಗೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಗಿಡ್ಡ: 3+4+3+4, ಅಂದರೆ 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಉದ್ದ: ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೆ ಎಳೆದು ನಿಲ್ಲಿಸುವ ಒಂದು ಅಕ್ಷರ, ಅದು ಹ್ರಸ್ವವಾದರೂ ಎರಡು ಮಾತ್ರೆ. ಒಟ್ಟು 23. ನಗುವೂ ಬೇಕು, ಪ್ರೀತಿಯೂ ಬೇಕು ಎಂದು ಕೇಳಿದಿರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಅಚ್ಚು ನನಗೆ ಗೊತ್ತಿಲ್ಲ. ಎರಡು ಗಿಡ್ಡ ಸಾಲಿನಲ್ಲಿ ವಿಷಯ ಕಟ್ಟುತ್ತೀರಿ, ಮೂರನೆಯ ಉದ್ದ ಸಾಲಿನಲ್ಲಿ ನಗು ಬಿಡುತ್ತೀರಿ. ಸಾಲಿನ ತುದಿಯಲ್ಲಿ ನಿಲ್ಲಲೇಬೇಕು, ಆಗ ಜನ ನಗುತ್ತಾರೆ. ಮತ್ತೆರಡು ಗಿಡ್ಡ ಸಾಲು, ಆಮೇಲೆ ಆರನೆಯದರಲ್ಲಿ ಪ್ರೀತಿ. ನಗು ಮೊದಲು, ಪ್ರೀತಿ ಕೊನೆಗೆ. ಈ ಕ್ರಮ ತಿರುಗಿಸಬೇಡಿ. ಪ್ರೀತಿಯ ಮಾತು ಆದಮೇಲೆ ತಮಾಷೆ ಮಾಡಿದರೆ, ಮೊದಲು ಹೇಳಿದ್ದೂ ತಮಾಷೆಯೇ ಇರಬೇಕು ಎಂದು ಕೇಳುವವರಿಗೆ ಅನಿಸುತ್ತದೆ.

ಇನ್ನು ಪದಗಳ ಮಾತು. ನಿಮ್ಮ ಸಾಲುಗಳಲ್ಲಿ ನನಗೆ ಮೂರು ಕಡೆ ತೊಡಕು ಕಂಡಿತು.

‘ಹೋದರೆ’ ಮತ್ತು ‘ಕತ್ತಲು’. ನಮ್ಮ ಮನೆಗಳಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ದೀಪ ಆರಿಸು ಎನ್ನುವ ಬದಲು ‘ದೀಪ ದೊಡ್ಡದು ಮಾಡು’ ಎನ್ನುವ ಮನೆಗಳಿವೆ. ಮದುವೆ ದಿನ ಮಗಳು ಮೆಟ್ಟಿಲಿಳಿಯುವ ಹೊತ್ತಿನಲ್ಲಿ ‘ನೀನು ಹೋದರೆ ಕತ್ತಲು’ ಎಂದರೆ ನಿಮ್ಮ ಅಜ್ಜಿಗೆ ಎದೆ ಧಸಕ್ಕೆನ್ನುತ್ತದೆ. ನೀವು ಪ್ರೀತಿಯಿಂದಲೇ ಬರೆದಿದ್ದೀರಿ, ಆದರೆ ಆ ಗಳಿಗೆಗೆ ಅದು ಒಗ್ಗುವುದಿಲ್ಲ. ‘ಹೋದರೆ’ ಇದ್ದಲ್ಲಿ ‘ಹೊರಟರೆ’ ಎಂದು ಹಾಕಿ. ಎರಡಕ್ಕೂ ನಾಲ್ಕೇ ಮಾತ್ರೆ, ಲಯ ಕೆಡುವುದಿಲ್ಲ. ಹೊರಟವರು ವಾಪಸ್ ಬರುತ್ತಾರೆ ಎಂಬ ಭರವಸೆ ಆ ಪದದಲ್ಲಿದೆ.

ಎರಡನೆಯದು ‘ಸುತ್ತಲು’. ‘ಕತ್ತಲು’ ಬಂತು, ಅದಕ್ಕೆ ಜೊತೆ ಬೇಕಿತ್ತು, ಸಿಕ್ಕಿದ್ದನ್ನು ಹಾಕಿದಿರಿ. ಕಣ್ಣಲ್ಲಿ ನೀರು ಸುತ್ತಲು ಎಂದರೆ ಏನು? ಅರ್ಥವೇ ಆಗುವುದಿಲ್ಲ. ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕಿದಾಗ ಹೀಗಾಗುವುದು ಜಾಸ್ತಿ, ಯಾಕೆಂದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದನ್ನು ಪ್ರಾಸಕ್ಕಾಗಿ ತಿರುಚಿದರೆ ಇಡೀ ವಾಕ್ಯ ತಿರುಚಿಕೊಳ್ಳುತ್ತದೆ. ನಮ್ಮ ಹಳೆಯ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ವಸ್ತುವಿನ ಹೆಸರು ಬರುತ್ತದೆ, ಆಯ್ಕೆಯೂ ಜಾಸ್ತಿ. ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಸ್ವರ ಬೇರೆಯಾದರೂ ಸರಿ. ಅದರ ಹಿಂದಿನ ಅಕ್ಷರ ಎಲ್ಲ ಸಾಲಿನಲ್ಲೂ ಎರಡು ಮಾತ್ರೆಯ ಗುರು, ಇಲ್ಲವೇ ಎಲ್ಲದರಲ್ಲೂ ಒಂದು ಮಾತ್ರೆಯ ಲಘು ಆಗಿರಬೇಕು. ‘ಅಕ್ಕ’ನಿಗೆ ಹೊಂದುವ ಪದಗಳನ್ನು ನೋಡಿ: ಪಕ್ಕ, ಲೆಕ್ಕ, ಮಿಕ್ಕ, ಚಿಕ್ಕ, ಬೆಕ್ಕು, ಹಕ್ಕು, ಸಕ್ಕರೆ, ಚಕ್ಕುಲಿ, ದಕ್ಕಿ, ಉಕ್ಕಿ, ನಕ್ಕು. ಅರ್ಧ ಅಡುಗೆಮನೆಯೇ ಇಲ್ಲಿದೆ.

ಪ್ರಾಸ ಬೇಡವೆನಿಸಿದರೆ ಬಿಡಬಹುದು. ಹೊಸಗನ್ನಡದಲ್ಲಿ ಈ ಪ್ರಾಸವನ್ನು ಧೈರ್ಯವಾಗಿ ಬಿಟ್ಟು ಬರೆದ ಮೊದಲಿಗರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳು (1883–1963) ಒಬ್ಬರು. ಆದರೆ ನಿಮ್ಮದರಂಥ ಸಣ್ಣ ಪದ್ಯದ ಕೆಲಸಕ್ಕೆ ಪ್ರಾಸ ಇಟ್ಟುಕೊಳ್ಳಿ ಎಂದೇ ನಾನು ಹೇಳುತ್ತೇನೆ. ‘ಅಕ್ಕ’ನಿಗೆ ಪ್ರಾಸ ಹುಡುಕುತ್ತಾ ಹೋದವರಿಗೆ ‘ಚಕ್ಕುಲಿ’ ಸಿಗುತ್ತದೆ, ‘ನಂದಾದೀಪ’ ಮರೆತು ಹೋಗುತ್ತದೆ.

ಮೂರನೆಯದು ‘ಬೈಗಳ ಊಟ’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹತ್ತಿರದ ನೆಂಟರ ಮದುವೆಯಲ್ಲಿ ಒಬ್ಬ ಹುಡುಗ ಹೀಗೇ ಪದ್ಯ ಓದಿದ. ಅಕ್ಕನಿಗೆ ಅನ್ನ ಬೇಯಿಸಲೂ ಬರುವುದಿಲ್ಲ, ಭಾವ ಹೋಟೆಲ್ ಹುಡುಕಿಕೊಳ್ಳಲಿ ಎಂಬ ತಮಾಷೆ. ನಮ್ಮ ಕಡೆಯವರು ಗೊಳ್ಳೆಂದು ನಕ್ಕರು. ಹುಡುಗನ ಕಡೆಯ ಸಾಲಿನಲ್ಲಿ ಯಾರೂ ನಗಲಿಲ್ಲ. ಮದುಮಗಳು ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾ ಕೂತಳು. ಆ ಹುಡುಗನಿಗೆ ಅಕ್ಕನ ಮೇಲೆ ಪ್ರಾಣ, ಅದು ನಮಗೆ ಗೊತ್ತಿತ್ತು. ಎದುರಿನವರಿಗೆ ಹೇಗೆ ಗೊತ್ತಾಗಬೇಕು? ಅವಳ ಬಗ್ಗೆ ಅವರು ತಿಳಿಯುವ ಮೊದಲ ಹತ್ತು ಸಂಗತಿಗಳಲ್ಲಿ ಇದೂ ಒಂದಾಗಿಬಿಟ್ಟಿತು.

ಆದ್ದರಿಂದ ಕಳುಹಿಸುವ ಪದ್ಯದಲ್ಲಿ ತಮಾಷೆಯ ಪೆಟ್ಟು ಓದುವವನ ಮೇಲೇ ಬೀಳಬೇಕು. ತಮ್ಮನ ಹೊಟ್ಟೆಬಾಕತನ, ತಮ್ಮನ ಸೋಮಾರಿತನ, ತಮ್ಮ ಮಾಡಿದ ಕಿತಾಪತಿ. ಅದಕ್ಕೆ ಎರಡೂ ಕಡೆಯವರು ಒಟ್ಟಿಗೆ ನಗುತ್ತಾರೆ. ಅಕ್ಕನ ಗುಣ ಹೇಳಲೇಬೇಕೆಂದರೆ, ಅವಳೇ ಹೇಳಿ ನಗುವಂಥದ್ದು ಮಾತ್ರ ಹೇಳಿ. ಜೊತೆಗೆ ಹೊಸಬರ ಕೈಗೆ ಏನಾದರೂ ಉಪಕಾರದ ಗುಟ್ಟು ಕೊಡಿ.

ಸರಕು ಎಲ್ಲಿಂದ ತರುವುದು? ಅದಕ್ಕಾಗಿಯೇ ನಿಮಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ, ನೆನಪಿದೆಯಲ್ಲ: ಅಕ್ಕ ಹೊರಟ ಮಾರನೇ ದಿನ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾವುದು ಬದಲಾಗಿರುತ್ತದೆ? ಮೊದಲು ‘ಎಲ್ಲ ಖಾಲಿ ಖಾಲಿ’ ಎಂದಿರಿ. ಮತ್ತೆ ಕೇಳಿದಾಗ ಸರಕು ಬಂತು. ಅಮ್ಮ ಮಾಡಿಟ್ಟ ಚಕ್ಕುಲಿಗೆ ಲೆಕ್ಕ ಇಡುವವಳು ಅವಳು, ಡಬ್ಬಿ ತಳ ಕಂಡಾಗ ಕೊನೆಯ ಚೂರಿಗೆ ನಿಮ್ಮಿಬ್ಬರ ಜಗಳ. ಅವಳಿಗೆ ಕೋಪ ಬಂದರೆ ಮಾವಿನ ಮಿಡಿ ಉಪ್ಪಿನಕಾಯಿ ಬಟ್ಟಲಲ್ಲಿ ಹಾಕಿ ಎದುರಿಗೆ ಇಟ್ಟರೆ ಸಾಕು, ಅವಳೇ ಅದನ್ನು ಎಲ್ಲರಿಗೂ ಹೇಳಿ ನಗುತ್ತಾಳೆ. ಕೊನೆಯ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚ ಅವಳದು, ನಿಮಗೆ ಚಿಕ್ಕಂದಿನಿಂದ ಅದರ ಮೇಲೆ ಕಣ್ಣು. ಮೂರು ಸಂಗತಿ, ಮೂರು ಪದ್ಯ. ಇದಕ್ಕಿಂತ ಹೆಚ್ಚು ಬೇಡ.

ಮೊದಲ ಪದ್ಯವನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟೋಣ. ಗೆರೆಗಳು ಕಾಣುವುದಕ್ಕಾಗಿ, ಓದುವಾಗ ಬೇಡ.

ಅಕ್ಕ | ನೀನಿಂ | ದೆದ್ದು | ಹೊರಟರೆ
ಚಕ್ಕು | ಲಿಯ ಡಬ್ | ಬಿಯಿದು | ನನ್ನದೆ
ಲೆಕ್ಕ | ಕೇಳುವ | ರಿಲ್ಲ | ಮುಚ್ಚಳ | ತೆರೆದು | ತಿನ್ನುವೆ | ನು

ಪ್ರತಿ ತುಂಡಿನಲ್ಲೂ ಬೆರಳು ಮಡಿಸಿ ನೋಡಿ. ಮೂರು, ನಾಲ್ಕು, ಮೂರು, ನಾಲ್ಕು. ತುಂಡು ಪದದ ನಡುವೆ ಬಿದ್ದರೂ ತೊಂದರೆಯಿಲ್ಲ. ‘ಚಕ್ಕುಲಿಯ’ ಎಂಬುದು ಎರಡು ಹೆಜ್ಜೆಗೆ ಹಂಚಿಹೋಗಿದೆ, ಬಾಯಲ್ಲಿ ಮಾತ್ರ ಒಂದೇ ಆಗಿ ಬರುತ್ತದೆ. ಇಲ್ಲಿಯವರೆಗೆ ತಮ್ಮ ಖುಷಿಯಲ್ಲಿದ್ದಾನೆ. ಅಕ್ಕ ಹೊರಡುವುದೇ ತಡ, ಡಬ್ಬಿ ಅವನ ಪಾಲು. ಜನ ನಗುವುದು ಇಲ್ಲಿ.

ಈಗ ತಿರುವು.

ಪಕ್ಕ | ದಲಿ ನೀ | ನಿಲ್ಲ | ದಿದ್ದರೆ
ಮಿಕ್ಕ | ಚೂರಿನ | ಜಗಳ | ವಿಲ್ಲದೆ

ಕೊನೆಯ ಸಾಲಿಗೆ ನಾನು ಮೊದಲು ಬರೆದದ್ದು ಹೀಗೆ: ‘ಸಿಕ್ಕಿತೆಲ್ಲವು ನನಗೆ ಆದರೆ ರುಚಿಯೆ ಇಲ್ಲವಲಾ’. ಎಣಿಸಿ, 23 ಸರಿಯಾಗಿದೆ. ಆದರೂ ಹೊಡೆದು ಹಾಕಿದೆ. ‘ಇಲ್ಲವಲ್ಲ’ ಎಂಬುದನ್ನು ಲೆಕ್ಕಕ್ಕಾಗಿ ‘ಇಲ್ಲವಲಾ’ ಎಂದು ಮಾಡಿದ್ದೆ. ರಂಗಸ್ಥಳದಲ್ಲಿ ರಾಜ ಹಾಗೆ ಹೇಳಬಹುದು. ಬದಿಯಡ್ಕದ ಒಬ್ಬ ತಮ್ಮ ಅಕ್ಕನಿಗೆ ಹಾಗೆ ಹೇಳುವುದಿಲ್ಲ. ಜನ ಅಲ್ಲಿ ನಕ್ಕುಬಿಡುತ್ತಾರೆ, ನಗಬಾರದ ಜಾಗ ಅದು. ಎರಡನೇ ಸಲ ಬಂದದ್ದು ಇದು:

ದಕ್ಕಿ | ದರು ಇಡಿ | ಡಬ್ಬಿ | ನಾಲಗೆ | ಗೆಲ್ಲಿ | ಯದು ರುಚಿ | ಯು

‘ಎಲ್ಲಿಯ ರುಚಿ’ ಎಂದು ನಾವು ದಿನವೂ ಹೇಳುತ್ತೇವಲ್ಲ, ಅದೇ ಮಾತು. ‘ದಕ್ಕಿದರೂ’ ಎಂಬುದು ಇಲ್ಲಿ ‘ದಕ್ಕಿದರು’ ಎಂದು ಗಿಡ್ಡವಾಗಿದೆ. ಪದ್ಯದಲ್ಲಿ ಅಷ್ಟು ಸಲಿಗೆ ನಡೆಯುತ್ತದೆ. ಓದುವಾಗ ‘ರು’ವನ್ನು ತುಸು ಒತ್ತಿ ಹೇಳಿ, ಅರ್ಥ ತಪ್ಪುವುದಿಲ್ಲ. ‘ದರು ಇಡಿ’ ಎಂಬಲ್ಲಿ ಸಂಧಿ ಮಾಡಿಲ್ಲವೆಂದು ಯಾರಾದರೂ ಪಂಡಿತರು ಹೇಳಬಹುದು. ಮೈಕಿನ ಮುಂದೆ ಬಿಡಿಸಿ ಹೇಳಿದರೇ ಕೊನೆಯ ಸಾಲಿನ ಕುರ್ಚಿಗೂ ಕೇಳುತ್ತದೆ, ಹಾಗಾಗಿ ನಾನು ಬಿಡಿಸಿಯೇ ಇಟ್ಟೆ.

ಎರಡನೆಯದು ಭಾವನಿಗೆ. ನಿಮ್ಮ ‘ಬೈಗಳ ಊಟ’ದ ವಿಷಯವೇ, ಅಕ್ಕನ ಕೋಪ. ಆದರೆ ಕೋಪದ ಜೊತೆಗೆ ಮದ್ದನ್ನೂ ಕೊಡುತ್ತೇವೆ. ಆಗ ಭಾವ ಹೊರಗಿನವರಾಗಿ ಉಳಿಯುವುದಿಲ್ಲ, ಮನೆಯ ಗುಟ್ಟು ತಿಳಿದವರಾಗುತ್ತಾರೆ. ಪ್ರಾಸ ‘ಭಾವ’ ಎಂಬುದರಿಂದಲೇ ಹಿಡಿಯೋಣ: ಯಾವ, ಮಾವು, ನಾವು, ನೋವು, ಜೀವ. ಭಾವನನ್ನು ‘ಕೇಳಿರಿ’ ಎಂದೇ ಕರೆಯಿರಿ. ಸಲಿಗೆ ಆಮೇಲೆ ತಾನಾಗಿ ಬರುತ್ತದೆ, ಮದುವೆಯ ದಿನ ಮೈಕಿನಲ್ಲಿ ಬೇಡ.

ಮೂರನೆಯದು ಮಂಚದ್ದು. ‘ಮನೆ’ ಎಂಬಲ್ಲಿ ಮೊದಲ ಅಕ್ಷರ ಲಘು. ಹಾಗಾಗಿ ಉಳಿದ ಸಾಲುಗಳೂ ಲಘುವಿನಿಂದಲೇ ಶುರುವಾಗಬೇಕು: ನಿನಗೆ, ಕೊನೆಯ, ದಿನವು, ನೆನಪು, ದನಿಯ. ಸಾಲು ಮೆಲ್ಲಗೆ ಶುರುವಾಗುತ್ತದೆ. ಮೊದಲೆರಡು ಪದ್ಯ ಗಟ್ಟಿಯಾಗಿ ಹೆಜ್ಜೆ ಇಡುತ್ತವೆ, ಕೊನೆಯದು ದನಿ ತಗ್ಗಿಸುತ್ತದೆ. ಕಳುಹಿಸುವ ಹೊತ್ತಿಗೆ ಅದೇ ಸರಿ.

ಇಲ್ಲಿ ನೀವು ಖಂಡಿತ ಎಡವಬಹುದಾದ ಒಂದು ಜಾಗ ತೋರಿಸುತ್ತೇನೆ. ಮೂರನೇ ಸಾಲನ್ನು ನಾನು ಮೊದಲು ‘ಕೊನೆಯ ಕೋಣೆಯ ಫ್ಯಾನು ಮಂಚವ ನಾನೆ ಹಿಡಿಯುವೆನು’ ಎಂದು ಬರೆದಿದ್ದೆ. ಕಾಗದದ ಮೇಲೆ ಪದ ಪದವಾಗಿ ಎಣಿಸಿದರೆ ಎಲ್ಲ ಸರಿ. ಬಾಯಿಬಿಟ್ಟು ಓದಿದಾಗ ‘ಕೋಣೆಯ’ ಎಂಬಲ್ಲಿ ಸಿಕ್ಕಿಕೊಂಡಿತು. ಯಾಕೆಂದರೆ ಮುಂದೆ ‘ಫ್ಯಾ’ ಎಂಬ ಒತ್ತಕ್ಷರ ಇದೆ. ಅದು ಹಿಂದಿನ ಪದದ ‘ಯ’ವನ್ನು ಭಾರ ಮಾಡುತ್ತದೆ. ನಾಲ್ಕಿದ್ದದ್ದು ಐದಾಯಿತು. ಸ್ಕೂಟರ್, ಫ್ರಿಜ್, ಪ್ರೀತಿ, ಸ್ನೇಹ ಇವೆಲ್ಲ ಹೀಗೇ ಹಿಂದಿನವರನ್ನು ಒತ್ತುತ್ತವೆ. ಅಂಥ ಪದ ಬೇಕೇಬೇಕೆಂದರೆ ಸಾಲಿನ ಮೊದಲಿಗೆ ಇಡಿ, ಇಲ್ಲವೇ ಎಣಿಸುವಾಗ ಒಂದು ಮಾತ್ರೆ ಜಾಸ್ತಿ ಹಿಡಿಯಿರಿ. ನಾನು ಫ್ಯಾನು ತೆಗೆದು ಕಿಟಕಿ ಇಟ್ಟೆ.

ಕೊನೆಯ ಸಾಲಿನ ಕೊನೆಯ ಪದಕ್ಕೆ ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಅಕ್ಕ ಬಂದಾಗ ಮಂಚ ಬಿಟ್ಟುಕೊಡುತ್ತೇನೆ ಎಂದು ಹೇಳಬೇಕು. ‘ಬಿಡುವೆನು’ ಎಂದರೆ ಮಾತ್ರೆ ಸಾಲದು. ಅದಕ್ಕಿಂತ ಹೆಚ್ಚಾಗಿ, ಅದು ತಮ್ಮನ ದನಿಯೇ ಅಲ್ಲ, ಭಾಷಣದ ದನಿ. ಆಮೇಲೆ ‘ಬಿಟ್ಟೇನು’ ಎಂಬುದು ಹೊಳೆಯಿತು. ಬಿಟ್ಟರೂ ಬಿಟ್ಟೇನು, ನೋಡೋಣ ಎಂಬ ಧಾಟಿ. ‘ಬಂದಾನು’, ‘ಕೊಟ್ಟೇನು’ ಎನ್ನುತ್ತೇವಲ್ಲ, ಆ ರೂಪ. ಆ ಒಂದು ‘ಟ್ಟೇ’ಯಲ್ಲಿ ತಮ್ಮನ ಹಟವೂ ಇದೆ, ಪ್ರೀತಿಯೂ ಇದೆ. ಬಿಟ್ಟೇಬಿಡುತ್ತಾನೆ ಎಂಬುದು ಅಕ್ಕನಿಗೂ ಗೊತ್ತು.

ಇಡೀ ಪದ್ಯ ಇದು:

ಅಕ್ಕ ನೀನಿಂದೆದ್ದು ಹೊರಟರೆ
ಚಕ್ಕುಲಿಯ ಡಬ್ಬಿಯಿದು ನನ್ನದೆ
ಲೆಕ್ಕ ಕೇಳುವರಿಲ್ಲ ಮುಚ್ಚಳ ತೆರೆದು ತಿನ್ನುವೆನು
ಪಕ್ಕದಲಿ ನೀನಿಲ್ಲದಿದ್ದರೆ
ಮಿಕ್ಕ ಚೂರಿನ ಜಗಳವಿಲ್ಲದೆ
ದಕ್ಕಿದರು ಇಡಿ ಡಬ್ಬಿ ನಾಲಗೆಗೆಲ್ಲಿಯದು ರುಚಿಯು

ಭಾವ ಕೇಳಿರಿ ಗುಟ್ಟನೊಂದನು
ಯಾವ ಹೊತ್ತಲಿ ಕೋಪ ಬಂದರು
ಮಾವಿನುಪ್ಪಿನಕಾಯಿ ತೋರಲು ಕರಗಿ ಹೋಗುವಳು
ನಾವು ಬೈದುದ ಮರೆತುಬಿಡುವಳು
ನೋವು ಕಂಡರೆ ಮರೆಯಲಾರಳು
ಜೀವವಿಟ್ಟವರೆಲ್ಲ ಸೇರಿಯೆ ಜತೆಗೆ ಕಳಿಸುವೆವು

ಮನೆಯ ಮೆಟ್ಟಿಲ ಇಳಿವ ಮುನ್ನವೆ
ನಿನಗೆ ಹೇಳುವೆನೊಂದು ಮಾತನು
ಕೊನೆಯ ಕೋಣೆಯ ಮಂಚ ಕಿಟಕಿಯ ನಾನೆ ಹಿಡಿಯುವೆನು
ದಿನವು ಗುಡಿಸುತ ಹಾಸಿ ಇಡುವೆನು
ನೆನಪು ಬಂದರೆ ಬಸ್ಸು ಹತ್ತಿಕೊ
ದನಿಯ ಕೇಳಿದ ಗಳಿಗೆ ಅದು ನಿನಗೆಂದು ಬಿಟ್ಟೇನು

ಇದನ್ನು ಹಾಗೇ ಓದಲೂಬಹುದು. ಆದರೆ ಒಂದೆರಡು ಸಾಲನ್ನಾದರೂ ನೀವೇ ಬದಲಿಸಿ, ನಿಮ್ಮ ಮನೆಯದು ಇನ್ನಷ್ಟು ಬರಲಿ. ಬದಲಿಸಿದ ಸಾಲನ್ನು ಮೇಜಿನ ಮೇಲೆ ಬೆರಳು ಕುಟ್ಟುತ್ತಾ ಹತ್ತು ಸಲ ಹೇಳಿ. ಬೆರಳು ಎಲ್ಲಿ ತಡೆದರೆ ಅಲ್ಲಿ ಒಂದು ಮಾತ್ರೆ ಹೆಚ್ಚೋ ಕಡಿಮೆಯೋ ಆಗಿದೆ ಎಂದರ್ಥ. ಗೊತ್ತಿಲ್ಲದ ಇನ್ನೊಬ್ಬರ ಕೈಗೆ ಕಾಗದ ಕೊಟ್ಟು ಓದಿಸಿದರೆ ಇನ್ನೂ ಒಳ್ಳೆಯದು. ನಿಮಗೆ ಸಾಲು ಬಾಯಿಪಾಠವಾಗಿರುತ್ತದೆ, ಎಡವುವ ಜಾಗವನ್ನು ನಾಲಗೆ ತಾನೇ ದಾಟಿಸಿಬಿಡುತ್ತದೆ. ಉಪ್ಪಿನಕಾಯಿ ಸಾಲನ್ನು ಮಾತ್ರ ಮೊದಲೇ ಅಮ್ಮನಿಗೆ ಓದಿ ಹೇಳಿ. ಅವರು ನಕ್ಕರೆ ಇರಲಿ, ಒಂದು ಕ್ಷಣ ತಡೆದರೂ ತೆಗೆದುಬಿಡಿ.

ಓದುವ ಹೊತ್ತು ಯಾವುದು? ಮಗಳನ್ನು ಒಪ್ಪಿಸಿಕೊಡುವ ಗಳಿಗೆಯಲ್ಲಿ ಖಂಡಿತ ಬೇಡ. ಅದು ಅಪ್ಪ ಅಮ್ಮನದು, ಆಗ ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಊಟ ಮುಗಿದು, ಪಂಕ್ತಿ ಎದ್ದು, ಎಲೆ ಅಡಿಕೆ ತಟ್ಟೆ ಸುತ್ತುತ್ತಿರುವಾಗ ಓದಿ. ಹೊಟ್ಟೆ ತುಂಬಿದವರು ಬೇಗ ನಗುತ್ತಾರೆ. ಹೊರಗೆ ವಾಹನ ಶುರುವಾದ ಮೇಲೆ ಯಾರಿಗೂ ಕಿವಿ ಇರುವುದಿಲ್ಲ.

ರಾಗ ಎಳೆಯಬೇಡಿ. ಭಾಗವತರು ಭಾಮಿನಿಯನ್ನು ಸಾಮಾನ್ಯವಾಗಿ ತಾಳವಿಲ್ಲದೆ, ರಾಗದಲ್ಲಿ ನಿಧಾನವಾಗಿ ಬೆಳೆಸುತ್ತಾರೆ. ಅದಕ್ಕೆ ಅಭ್ಯಾಸ ಬೇಕು. ಚಕ್ಕುಲಿಯ ತಮಾಷೆಗೆ ಅಷ್ಟು ರಾಗ ಹೊರೆಯೂ ಆಗುತ್ತದೆ. ಅಕ್ಕನ ಎದುರು ನಿಂತು ಮಾತಾಡಿದ ಹಾಗೆ ಓದಿ, ಲಯ ತಾನಾಗಿ ಕೇಳಿಸುತ್ತದೆ. ಮೂರೂ ಪದ್ಯಕ್ಕೆ ಒಟ್ಟು 306 ಮಾತ್ರೆ, ನಗುವಿನ ಬಿಡುವೂ ಸೇರಿ ಎರಡು ನಿಮಿಷದೊಳಗೆ ಮುಗಿಯುತ್ತದೆ. ‘ತಿನ್ನುವೆನು’ ಆದಮೇಲೆ ನಿಲ್ಲಿ. ನಗು ಪೂರ್ತಿ ಇಳಿಯುವವರೆಗೂ ಕಾಯಬೇಡಿ, ಅರ್ಧ ಇಳಿದಾಗಲೇ ‘ಪಕ್ಕದಲಿ’ ಎಂದು ಎತ್ತಿಕೊಳ್ಳಿ. ಎರಡನೇ ಪದ್ಯದಲ್ಲಿ ಭಾವನ ಮುಖ ನೋಡಿ. ಮೂರನೆಯದರಲ್ಲಿ ಮತ್ತೆ ಅಕ್ಕನ ಕಡೆ ತಿರುಗಿ.

ಗಂಟಲು ಕಟ್ಟುವುದು ‘ಬಸ್ಸು ಹತ್ತಿಕೊ’ ಎಂಬಲ್ಲಿ. ಅಲ್ಲಿ ಉಸಿರು ತೆಗೆದುಕೊಳ್ಳುವಷ್ಟು ಜಾಗ ಇದೆ, ತೆಗೆದುಕೊಳ್ಳಿ. ಆಮೇಲೆ ಕೊನೆಯ ಸಾಲನ್ನು ಒಂದೇ ಉಸಿರಿಗೆ ಹೇಳಿ, ‘ಬಿಟ್ಟೇನು’ ಎಂಬುದನ್ನು ಎಳೆಯದೆ ಚಿಕ್ಕದಾಗಿ ಮುಗಿಸಿ. ಅಷ್ಟರಲ್ಲಿ ಮಾತು ನಿಂತೇಹೋದರೆ ಗಾಬರಿ ಬೇಡ, ಕಾಗದವನ್ನು ಅಕ್ಕನ ಕೈಗೆ ಕೊಟ್ಟುಬಿಡಿ. ಕೊನೆಯ ಸಾಲನ್ನು ಅವಳೇ ಓದಲಿ.

ಇದನ್ನು ಓದುತ್ತಿರುವ ಅಣ್ಣಂದಿರಿಗೂ ಒಂದು ಮಾತು. ಕಳುಹಿಸುತ್ತಿರುವುದು ತಂಗಿಯನ್ನಾದರೆ ನಡಿಗೆ ಇದೇ ಇರಲಿ, ‘ತಂಗಿ’ಗೂ ಮೂರೇ ಮಾತ್ರೆ. ಮೊದಲ ಪದ್ಯದ ಪ್ರಾಸ ಮಾತ್ರ ಬದಲಾಗುತ್ತದೆ. ಅಂಗಳ, ತೆಂಗು, ಅಂಗಿ, ಸಂಗಡ, ಮುಂಗೋಪ, ನುಂಗು, ಹಿಂಗು ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಅಂಗಿಯನ್ನು ಕೇಳದೆ ಹಾಕಿಕೊಂಡು ಹೋದ ತಂಗಿ ಅದರಲ್ಲೇ ಎಲ್ಲೋ ಸಿಗುತ್ತಾಳೆ.